ನೋಟಿಸು ಕೇಳಿದ ಪ್ರಶ್ನೆ

ಸ್ಟೀಲಿನ ಇಡ್ಲಿ ಸ್ಟೀಮರ್ ಮಾಡಿ ಹೋಟೆಲುಗಳಿಗೆ ಮಾರುವ ಶಿವಪುತ್ರಪ್ಪ ಬೆಳಿಗ್ಗೆ ಹತ್ತಕ್ಕೇ ಡೊಂಬಿವಲಿಯ ತೆರಿಗೆ ಸಲಹಾ ಕಚೇರಿಗೆ ಬಂದು ಕೂತಿದ್ದರು. ಅವರಿಗೆ ಬಂದ ಜಿಎಸ್‌ಟಿ ನೋಟಿಸು ಕೆಲಸ ಬಿಟ್ಟುಹೋದ ಅಕೌಂಟೆಂಟನ ಇಮೇಲಿನಲ್ಲಿ ಇಷ್ಟು ದಿನ ಹಾಯಾಗಿ ಮಲಗಿತ್ತು. ಉತ್ತರಕ್ಕೆ ಕೊಟ್ಟ ಮೂವತ್ತು ದಿನ ಇವತ್ತಿಗೆ ಮುಗಿಯುತ್ತಿತ್ತು. ಅದರಲ್ಲಿ ಬರೆದಷ್ಟನ್ನು ಕಟ್ಟಿಬಿಡಿ ಎಂದರು. ರಬಾಳೆಯಲ್ಲಿ ವರ್ಕ್‌ಶಾಪು ದೊಡ್ಡದು ಮಾಡಲು ಪಕ್ಕದ ಖಾಲಿ ಮಳಿಗೆಗೆ, ಅಲ್ಲಿಯವರ ಮಾತಿನ ಗಾಳಾಕ್ಕೆ, ಎಂದು ಕೂಡಿಟ್ಟ ಡಿಪಾಸಿಟ್ ಹೋದರೆ ಹೋಗಲಿ, ತಲೆನೋವು ತಪ್ಪಲಿ.

ಅವರ ಕೇಸು ನೋಡುತ್ತಿದ್ದ ಕಚೇರಿಯ ಐಶ್ವರ್ಯಾಗೆ ಸಿಟ್ಟು ಬಂತು. ಓದದ ಕಾಗದಕ್ಕೆ ಯಾರಾದರೂ ದುಡ್ಡು ಕಟ್ಟುತ್ತಾರೆಯೇ? ನೋಟಿಸನ್ನು ಕನ್ನಡದಲ್ಲಿ ಬರೆದು ಅವರ ಮುಂದಿಟ್ಟಳು. ‘ಹೊರಮುಖ ಪೂರೈಕೆಯಲ್ಲಿ ವ್ಯತ್ಯಾಸ ಕಂಡುಬಂದಿದೆ’ ಎಂದಿತ್ತು. ಅವರು ಗಂಭೀರವಾಗಿ ತಲೆಯಾಡಿಸಿದರು. ಏನು ತಿಳಿಯಿತು ಕಾಕಾ ಎಂದರೆ, ದಂಡ ಹಾಕಿದ್ದಾರೆ ಎಂದು ತಿಳಿಯಿತಂತೆ. ಅವಳು ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದಳು.

ಈ ಸಲ ಎದುರು ಕೂತು ಮಾತಾಡಿದಂತೆ ಬರೆದಳು. ‘ಇದು ದಂಡ ಅಲ್ಲ, ಪ್ರಶ್ನೆ. ನಾಲ್ಕು ಸಲ ನಿಮ್ಮ ಮಾಲು ಟೆಂಪೋದಲ್ಲಿ ಹೋಗಿದೆ ಎಂದು ಇ-ವೇ ಬಿಲ್ ಹೇಳುತ್ತದೆ. ನಿಮ್ಮ ರಿಟರ್ನಿನಲ್ಲಿ ಅದರ ಮಾರಾಟ ಇಲ್ಲ. ಯಾಕೆ? ಕಾರಣ ಹೇಳಿ, ಅದಕ್ಕೆ ಕಾಗದ ಕೊಡಿ. ಇವತ್ತೇ ಕೊನೆಯ ದಿನ.’ ಕೆಳಗೆ ನೋಟಿಸಿನ ಹನ್ನೆರಡಂಕಿಯ ಬಿಲ್ ನಂಬರುಗಳು ಬೇಡವೆನಿಸಿ, ಒಂದೊಂದು ಬಿಲ್ಲನ್ನೂ ಪೋರ್ಟಲಿನಲ್ಲಿ ತೆರೆದು ತಾರೀಖು, ಟೆಂಪೋ ನಂಬರು, ಹೋದ ಊರು ಬರೆದಳು. ನಾಲ್ಕೂ ಕಲ್ಯಾಣಕ್ಕೆ ಹೋಗಿದ್ದವು.

ಶಿವಪುತ್ರಪ್ಪನವರ ಬೆರಳು ಆ ಊರಿನ ಹೆಸರಿನ ಮೇಲೆ ನಿಂತಿತು.

“ಇವು ನಾ ಮಾರಿದ್ದಲ್ಲ, ತಂಗಿ. ಪಾಲಿಶ್ ಮಾಡಿಸಾಕ ಕಳಿಸಿದ್ದು. ನಾಕೂ ವಾಪಸ್ ಬಂದಾವು.”

ಕೆಲಸಕ್ಕೆ ಕಳಿಸಿದ್ದು ಮಾರಾಟವಲ್ಲ, ಅದಕ್ಕೆ ತೆರಿಗೆ ಬೀಳದು ಎಂದಳು ಐಶ್ವರ್ಯಾ. ಕಳಿಸಿದಾಗಿನ ಡೆಲಿವರಿ ಚಲನ್, ಮಾಲು ವಾಪಸ್ ಬಂದ ಚಲನ್, ಪಾಲಿಶ್ ಕೂಲಿಯ ಬಿಲ್ಲು, ಮೂರೂ ಬೇಕೆಂದಳು. ವರ್ಷದೊಳಗೆ ಮಾಲು ವಾಪಸ್ ಬಂದದ್ದಕ್ಕೆ ಕಾಗದವಿಲ್ಲದಿದ್ದರೆ ಅದನ್ನೂ ಮಾರಾಟವೆಂದೇ ಹಿಡಿಯುತ್ತಾರೆ. ಅವರು ಮಾತು ಮುಗಿಯುವ ಮುಂಚೆಯೇ ಎದ್ದಿದ್ದರು. ರಬಾಳೆಯಲ್ಲಿದ್ದ ಹೆಂಡತಿ ಪಾರವ್ವನಿಗೆ ಫೋನ್ ಮಾಡಿ ಚಲನ್ ಪುಸ್ತಕದ ಫೋಟೊ ಕಳಿಸಲು ಹೇಳುತ್ತಲೇ ಮೆಟ್ಟಿಲಿಳಿದು ಕಲ್ಯಾಣದ ಲೋಕಲ್ ಹಿಡಿದರು. ಮಧ್ಯಾಹ್ನ ಎರಡಕ್ಕೆ ಪಾಲಿಶ್‌ನವನ ಹತ್ತಿರ ಸಿಕ್ಕ ಕಾಗದಗಳನ್ನೆಲ್ಲ ಎದೆಗೊತ್ತಿಕೊಂಡು, ಬೆವರಿ ನೀರಾಗಿ ಬಂದರು. ಪಾರವ್ವ ಕಳಿಸಿದ ಫೋಟೊಗಳೂ ಸೇರಿ ನಾಲ್ಕೂ ಸಲದ ಚಲನ್, ಬಿಲ್ಲು ಎಲ್ಲ ಇದ್ದವು. ಒಂದೊಂದಕ್ಕೂ ತಾರೀಖು ಹೊಂದಿದಾಗ ಇಬ್ಬರೂ ಮಕ್ಕಳಂತೆ ನಕ್ಕರು. ನಾಲ್ಕೂವರೆಗೆ ಉತ್ತರ ಪೋರ್ಟಲು ಸೇರಿತು.

ಐದು ವಾರದ ಮೇಲೆ ಇಲಾಖೆಯ ಆದೇಶ ಬಂತು. ಐಶ್ವರ್ಯಾ ಫೋನಿನಲ್ಲಿ ಒಂದೇ ಮಾತು ಹೇಳಿದಳು: ನಿಮ್ಮ ಉತ್ತರ ಒಪ್ಪಿದ್ದಾರೆ, ಕಟ್ಟಬೇಕಾದ್ದು ಏನೂ ಇಲ್ಲ.

ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಪಾರವ್ವನ ದನಿ ಕೇಳಿತು. “ಅವರು ಪಕ್ಕದ ಗಾಳಾದಾಗ ನಿಂತು ಅಳಾಕತ್ತಾರ. ಡಿಪಾಸಿಟ್ ಕೊಡ್ತೀವಿ ಅಂತ ಗಾಳಾದ ಮಾಲಕಗ ಈಗ ನಾನೇ ಫೋನ್ ಮಾಡ್ತೀನಿ.”