ಆನೆಯ ಎಡಗಣ್ಣು ಮತ್ತು ಸೋಮಾರಿ ಖಾತೆ

ನನ್ನ ಕೋಣೆಯ ಗೋಡೆಯಲ್ಲಿ ಕಿಟಕಿಗಿಂತ ದೊಡ್ಡದಾಗಿ ಒಂದು ಹಾಳೆ ಇದೆ. ಅದರಲ್ಲಿ ವರ್ಷದ ಹನ್ನೆರಡೂ ತಿಂಗಳು, ದಿನಕ್ಕೊಂದು ಮನೆ, ನನ್ನಿಂದ ಚಿತ್ರ ಬರೆಸುವ ಒಬ್ಬೊಬ್ಬ ಗಿರಾಕಿಗೂ ಒಂದು ಬಣ್ಣ. ಹಲ್ಲು ಡಾಕ್ಟರ್ ಹಸಿರು: ಅರ್ಧ ಹಣ ಮೊದಲೇ, ಉಳಿದರ್ಧ ಚಿತ್ರ ಕೈಸೇರಿದ ದಿನ. ಪಠ್ಯಪುಸ್ತಕದವರು ಹಳದಿ. ಅವರಿಗೆ ನಾನಿಟ್ಟ ಹೆಸರು ‘ಮುಂದಿನ ವಾರ’, ಏಕೆಂದರೆ ಫೋನ್ ಮಾಡಿದಾಗಲೆಲ್ಲ ಅವರು ಹೇಳುವುದು ಅಷ್ಟೇ. ಹಳೆಯ ಬಿಲ್ಲುಗಳನ್ನು ತೆಗೆದು ಲೆಕ್ಕ ಹಾಕಿದ್ದೇನೆ, ಸರಾಸರಿ ಹದಿನೇಳು ದಿನ ತಡ. ಹಾಗಾಗಿ ಹಾಳೆಯಲ್ಲಿ ಅವರ ಹಣ ‘ಬರಬೇಕಾದ ದಿನ’ಕ್ಕೆ ಸಣ್ಣ ಚುಕ್ಕಿ, ‘ಬರುವ ದಿನ’ಕ್ಕೆ ದೊಡ್ಡ ಚುಕ್ಕಿ. ನಡುವಿನ ಹಳ್ಳ ತುಂಬಲು ‘ಸೋಮಾರಿ ಖಾತೆ’ ಇದೆ. ಬಂದ ಪ್ರತಿ ಹಣದಲ್ಲೂ ಹತ್ತನೇ ಒಂದು ಪಾಲು ಅದಕ್ಕೆ. ಈಗ ಅಲ್ಲಿ ಒಂದು ತಿಂಗಳ ಖರ್ಚಿನಷ್ಟಿದೆ. ಸೋಮಾರಿಗಳು ಗಿರಾಕಿಗಳು, ನಾನಲ್ಲ.

ಇದೆಲ್ಲ ಅಕ್ಕನ ಜೊತೆ ಮಾಡಿಕೊಂಡ ಒಪ್ಪಂದದಿಂದ. ಮನೆ ಬಾಡಿಗೆ ಇಬ್ಬರದೂ ಅರ್ಧರ್ಧ, ಪ್ರತಿ ತಿಂಗಳು ಐದನೇ ತಾರೀಖು. ಈ ವರ್ಷ ಮುಗಿಯುವುದರೊಳಗೆ ಒಂದೇ ಒಂದು ಸಲ ನನ್ನ ಪಾಲಿಗೆ ಅವಳ ಮುಂದೆ ಕೈ ಚಾಚಿದರೆ, ಅವಳು ಲೆಕ್ಕ ಬರೆಯುವ ಆಸ್ಪತ್ರೆಯಲ್ಲೇ ಕಡತ ಜೋಡಿಸುವ ಕೆಲಸಕ್ಕೆ ನಾನು ಸೇರಬೇಕು. ಅವಳು ಕುರ್ಚಿಯನ್ನೂ ನೋಡಿಟ್ಟಿದ್ದಳು.

ಜೂನ್ ಮೂವತ್ತು, ಮಧ್ಯಾಹ್ನ. ರಜೆ ಹಾಕಿದ್ದ ಅಕ್ಕ ಕಾಫಿ ಲೋಟ ಹಿಡಿದು ಗೋಡೆ ಓದುತ್ತಿದ್ದಳು. ನಾನು ಟೈರ್ ಕಂಪನಿಯ ಕ್ಯಾಲೆಂಡರಿನ ಆನೆಯ ಎಡಗಣ್ಣು ತಿದ್ದುತ್ತಿದ್ದೆ. ಅಲ್ಲಿನ ಮ್ಯಾನೇಜರ್ ಬೆಳಗ್ಗೆಯೇ “ಚೆನ್ನಾಗಿದೆ, ಬಿಲ್ ಕಳಿಸಿ” ಅಂದಾಗಿತ್ತು. ಆದರೆ ಆ ಕಣ್ಣು ನನಗೆ ಸಮಾಧಾನ ಕೊಟ್ಟಿರಲಿಲ್ಲ.

“ಟೈರ್‌ನವರಿಗೆ ಬಿಲ್ ಯಾವಾಗ?”

“ನಾಳೆ, ಕಣ್ಣು ಮುಗಿಸಿ. ಮೂವತ್ತು ದಿನಕ್ಕೆ ಕೊಡ್ತಾರೆ. ಜುಲೈ ಮೂವತ್ತೊಂದಕ್ಕೆ ದುಡ್ಡು, ಆಗಸ್ಟ್ ಐದಕ್ಕೆ ಬಾಡಿಗೆ. ನೋಡು, ನೀಲಿ ಚುಕ್ಕಿ.”

“ಅವರ ಜೊತೆಗಿನ ಒಪ್ಪಂದದ ಕಾಗದ ಕೊಡೇ.”

ಕೊಟ್ಟೆ. ಅವಳು ಓದುತ್ತಾ ಓದುತ್ತಾ ಕಾಫಿ ಕುಡಿಯುವುದನ್ನೇ ಮರೆತಳು. ಅಕ್ಕ ಕಾಫಿ ಮರೆಯುವುದು ಅಪಶಕುನ.

“ಇಲ್ಲಿ ಮೂವತ್ತು ದಿನ ಅಂತ ಎಲ್ಲಿದೆ? ‘ಬಿಲ್ಲು ತಲುಪಿದ ತಿಂಗಳಿನ ಮುಂದಿನ ತಿಂಗಳ ಕೊನೆಯ ದಿನ’ ಅಂತಿದೆ. ಇವತ್ತು ತಲುಪಿದ್ರೆ ಜುಲೈ ಮೂವತ್ತೊಂದು. ನಾಳೆ ತಲುಪಿದ್ರೆ ಆಗಸ್ಟ್ ಮೂವತ್ತೊಂದು.”

“ಒಂದು ದಿನಕ್ಕೆ ಒಂದು ತಿಂಗಳಾ?”

“ಒಂದು ಕಣ್ಣಿಗೆ ಒಂದು ತಿಂಗಳು. ನೀನು ಮೊತ್ತ ಓದಿ ಖುಷಿಯಾಗಿ ಸಹಿ ಹಾಕ್ದೆ, ಅಲ್ವಾ?”

ಹೌದು. ಗೋಡೆ ನೋಡಿದೆ. ಜುಲೈ ತಿಂಗಳ ‘ಮುಂದಿನ ವಾರ’ದ ತಡಕ್ಕೆಂದೇ ಸೋಮಾರಿ ಖಾತೆಯನ್ನು ಮೀಸಲಿಟ್ಟಿದ್ದೆ. ನೀಲಿ ಚುಕ್ಕಿಯೂ ಒಂದು ತಿಂಗಳು ಜಾರಿದರೆ ಒಂದೇ ಖಾತೆಯ ಮೇಲೆ ಇಬ್ಬರು ಸೋಮಾರಿಗಳು. ಆಗಸ್ಟ್ ಐದಕ್ಕೆ ಕೈ ಚಾಚುವುದು ಖಚಿತ.

“ಕುರ್ಚಿಗೆ ಚಕ್ರ ಇದೆ,” ಅಂದಳು ಅಕ್ಕ. “ಕಿಟಕಿ ಪಕ್ಕಾನೇ.”

“ಸುಮ್ನಿರೇ!”

ಗಂಟೆ ನಾಲ್ಕೂ ಇಪ್ಪತ್ತು. ಬಿಲ್ ಬರೆದು ಕಳಿಸಿ, ತಲುಪಿತೇ ಎಂದು ಕೇಳಲು ಅವರ ಲೆಕ್ಕ ವಿಭಾಗಕ್ಕೆ ಫೋನ್ ಮಾಡಿದೆ.

“ಮೇಡಂ, ಆರ್ಡರ್ ನಂಬರ್ ಇಲ್ಲ,” ಎಂದಿತು ಅತ್ತಲಿನ ದನಿ. “ನಂಬರ್ ಇಲ್ದಿದ್ರೆ ಬಿಲ್ ತಲುಪಿದ ಹಾಗಲ್ಲ. ಐದು ಗಂಟೆಗೆ ಜೂನ್ ಮುಚ್ತೀವಿ.”

ಜೂನ್ ಮುಚ್ಚುತ್ತಾರಂತೆ, ಅಂಗಡಿ ಬಾಗಿಲಿನ ಹಾಗೆ! ಆ ನಂಬರ್ ಹಿಂದೊಮ್ಮೆ ಮ್ಯಾನೇಜರ್ ಫೋನಿನಲ್ಲೇ ಹೇಳಿದ್ದರು, ನಾನು ಕೈಗೆ ಸಿಕ್ಕ ಹಾಳೆಯ ಮೇಲೆ ಬರೆದುಕೊಂಡಿದ್ದೆ. ಈಗ ಅವರ ಫೋನ್ ಸ್ವಿಚ್ ಆಫ್. ನಾನು ಮೇಜಿನ ಖಾನೆಗಳನ್ನು ನೆಲಕ್ಕೆ ಸುರಿದೆ. ಅಕ್ಕ ಮಂಡಿಯೂರಿ ಕಸದ ಬುಟ್ಟಿಗೆ ಇಳಿದಳು.

“ಗೆಲ್ಲೋದು ನೀನಲ್ವಾ, ಯಾಕೆ ಹುಡುಕ್ತಿದ್ದೀಯ?”

“ಅರ್ಧ ಓದಿ ಸಹಿ ಹಾಕೋಳು ನಮ್ಮ ಕಡತಕ್ಕೆ ಕೈ ಹಾಕಿದ್ರೆ ಆಸ್ಪತ್ರೆ ಉಳಿಯುತ್ತಾ?” ಎನ್ನುತ್ತಾ ಅವಳು ಮುದುಡಿದ ಹಾಳೆಯೊಂದನ್ನು ಬಿಡಿಸಿದಳು. ಬಿಸಾಡಿದ್ದ ಮೊದಲ ಆನೆ. ಅದರ ಹೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಏಳು ಅಂಕಿ.

ನಂಬರ್ ಸೇರಿಸಿ ಬಿಲ್ಲನ್ನು ಮತ್ತೆ ಕಳಿಸಿದೆ, ಚಿತ್ರವನ್ನು ಇದ್ದ ಹಾಗೇ ಜೊತೆಗಿಟ್ಟು. ನಾಲ್ಕೂ ಐವತ್ತೆರಡಕ್ಕೆ ಉತ್ತರ ಬಂತು: “ಜೂನ್‌ಗೆ ಸೇರಿಸಿದೆ.”

ಜುಲೈಯಲ್ಲಿ ‘ಮುಂದಿನ ವಾರ’ದವರು ಹದಿನೇಳಲ್ಲ, ಇಪ್ಪತ್ತೊಂದು ದಿನ ತಡ ಮಾಡಿದರು. ಸೋಮಾರಿ ಖಾತೆಯಲ್ಲಿ ಎರಡು ಕಾಫಿಯಷ್ಟು ಉಳಿಯಿತು. ಮೂವತ್ತೊಂದಕ್ಕೆ ಟೈರ್ ಹಣ ಬಂತು. ಐದಕ್ಕೆ ನನ್ನ ಪಾಲಿನ ಬಾಡಿಗೆಯನ್ನು ಅಕ್ಕನ ಕೈಗಿಟ್ಟೆ. ಅವಳು ಎರಡು ಸಲ ಎಣಿಸಿದಳು.

ಡಿಸೆಂಬರ್ ಕೊನೆಯಲ್ಲಿ ಅವಳು ಆಸ್ಪತ್ರೆಯಿಂದ ಒಂದು ಕ್ಯಾಲೆಂಡರ್ ತಂದಳು, ಟೈರ್ ಕಂಪನಿ ಹಂಚಿದ್ದು. ನಮ್ಮಿಬ್ಬರ ಒಪ್ಪಂದದ ವರ್ಷ ಮುಗಿಯಲು ಎರಡು ದಿನ ಬಾಕಿ. ನಾನು ಒಮ್ಮೆಯೂ ಕೈ ಚಾಚಿರಲಿಲ್ಲ.

“ಕುರ್ಚಿಗೆ ಬೇರೆ ಯಾರೋ ಬಂದ್ರು,” ಅಂದಳು. ಆಮೇಲೆ ಹಾಳೆ ತಿರುವಿ ನಿಂತಳು. “ಅಲ್ಲ ಕಣೇ, ಈ ಆನೆಗೆ ಮೆಳ್ಳಗಣ್ಣಾ?”

ನೋಡಿದೆ. ಬಲಗಣ್ಣು ನೇರವಾಗಿ ನಮ್ಮ ಕಡೆಗಿತ್ತು. ತಿದ್ದದೆ ಬಿಟ್ಟ ಎಡಗಣ್ಣು ಮಾತ್ರ ಓರೆಯಾಗಿ ಕೆಳಗೆ, ಹಾಳೆಯ ಮೂಲೆಯನ್ನು ನೋಡುತ್ತಿತ್ತು. ಅಲ್ಲಿ ತಿಂಗಳ ಕೊನೆಯ ತಾರೀಖಿತ್ತು.

“ಇರಲಿ ಬಿಡು,” ಅಂದೆ. “ನಾನು, ಆನೆ, ಇಬ್ಬರಲ್ಲಿ ಒಬ್ಬರಾದ್ರೂ ತಿಂಗಳ ಕೊನೇನ ನೋಡ್ತಿರಬೇಕು.”

ಕ್ಯಾಲೆಂಡರನ್ನು ಗೋಡೆಯ ಹಾಳೆಯ ಪಕ್ಕದಲ್ಲೇ ನೇತುಹಾಕಿದೆ.