ಒಂದೇ ಕೈಯ ಊಟ

"ಒಂದೇ ಕೈಯ ಊಟ. ಇನ್ನೊಂದು ಕೈ ಕೆಲಸದಲ್ಲಿರಲಿ." ಈ ಸಾಲು ಅಕ್ಕನ ಬಾಯಿಂದ ಬಂದದ್ದು ಸಿಟ್ಟಿನಲ್ಲಿ. ತಮ್ಮ ಡಬ್ಬಿ ಊಟದ ಜಾಹೀರಾತಿಗೆಂದು ತಂಗಿ "ತಾಜಾತನದ ತವರು" ಎಂದೇನೋ ಬರೆದು ತಂದಿದ್ದಳು. "ಇದನ್ನ ಸೋಪಿನ ಡಬ್ಬಿ ಮೇಲೂ ಅಂಟಿಸಬಹುದು ಕಣೇ. ತಿನ್ನೋರಿಗೆ ಏನು ಅನುಕೂಲ, ಅದನ್ನ ಹೇಳು" ಎಂದು ರೇಗಿದವಳೇ ಆ ಸಾಲು ಉದುರಿಸಿದಳು. ತಂಗಿ ಅದನ್ನೇ ಬರೆದುಕೊಂಡು, ಊಟ ಮಾರುವ ಆ್ಯಪಿನಲ್ಲಿ ಹಾಕಿದಳು.

ಇಬ್ಬರೂ ಸೇರಿ ನಡೆಸುತ್ತಿದ್ದದ್ದು ಕ್ಲೌಡ್ ಕಿಚನ್. ಗಿರಾಕಿ ಬಂದು ಕೂರುವ ಮೇಜಿಲ್ಲ, ಬೀದಿಗೆ ಕಾಣುವ ಬೋರ್ಡಿಲ್ಲ. ಗೋದಾಮಿನ ಹಿಂದಿನ ಎರಡು ಕೋಣೆಗಳಲ್ಲಿ ಬೇಯಿಸಿ, ಡಬ್ಬಿ ತುಂಬಿ, ಬೈಕಿನವರ ಕೈಗೆ ಕೊಡುವುದಷ್ಟೇ. ಆ್ಯಪಿನಲ್ಲಿ ಬರುವ ಬಿಡಿ ಆರ್ಡರು ಒಂದು ದಿನ ಹೊಳೆ, ಒಂದು ದಿನ ಬರೀ ಮರಳು. ಯಾವುದಾದರೂ ಆಫೀಸಿನ ದಿನದಿನದ ಆರ್ಡರು ಸಿಗದಿದ್ದರೆ ತಿಂಗಳ ಕೊನೆಗೆ ಬಾಗಿಲು ಹಾಕಬೇಕಿತ್ತು.

ಸಾಲಿಗೆ ತಕ್ಕಂತೆ ಅಕ್ಕ ಅಡುಗೆಯನ್ನೇ ಬದಲಿಸಿದಳು. ಕುಂಬಳ, ಬೀನ್ಸು, ಮೊಟ್ಟೆ ಎಲ್ಲವೂ ಚಮಚಕ್ಕೆ ಸಿಗುವಷ್ಟು ಚಿಕ್ಕ ಚೂರು. ಹುಳಿ ತುಂಬಿದ ಪುಟ್ಟ ಬಟ್ಟಲಿನ ಮುಚ್ಚಳ ಬಿಚ್ಚಲು ಎರಡು ಕೈ ಬೇಕೆಂದು, ಡಬ್ಬಿ ಮುಚ್ಚುವ ಮುನ್ನ ತಾನೇ ಅದನ್ನು ಬೇಯಿಸಿದ ಕಾಳಿಗೆ ಕಲೆಸಿದಳು. ಹೆಬ್ಬೆರಳಿಂದ ತೆಗೆಯುವ ಮುಚ್ಚಳ ಹುಡುಕಿ ತಂದಳು.

ಆರ್ಡರು ಕೇಳಲು ಇಬ್ಬರೂ ಹೋದದ್ದು ಫೋನಿನಲ್ಲಿ ಗ್ರಾಹಕರ ದೂರು ಕೇಳುವ ಒಂದು ಆಫೀಸಿಗೆ. ತಂಗಿ ಲ್ಯಾಪ್‌ಟಾಪ್ ತೆರೆದು ಅಲ್ಲಿನ ಮ್ಯಾನೇಜರಿಗೆ ಚೆನ್ನಾಗಿಯೇ ಹೇಳಿದಳು: ಬೆಳಿಗ್ಗೆಯೇ ಎಷ್ಟು ಡಬ್ಬಿ ಎಂದು ತಿಳಿಸಬೇಕು, ಅಷ್ಟೇ ಬೇಯಿಸುತ್ತೇವೆ, ಉಪ್ಪು, ಎಣ್ಣೆ ಅಳತೆಯಲ್ಲಿ, ಏನೇನು ಹಾಕಿದೆ, ಎಷ್ಟು ಹೊತ್ತಿಗೆ ಮಾಡಿದ್ದು ಎಂಬುದು ಡಬ್ಬಿಯ ಮೇಲೇ ಇರುತ್ತದೆ. ಕೊನೆಗೆ ಪರದೆಯ ತುಂಬ ಆ ಸಾಲು. ಮ್ಯಾನೇಜರು ಕುರ್ಚಿ ಮುಂದೆ ಎಳೆದುಕೊಂಡ.

ರುಚಿ ನೋಡಲೆಂದು ತಂದ ಡಬ್ಬಿಗಳು ಆಗಲೇ ಗಾಜಿನಾಚೆಯ ಮೇಜುಗಳಿಗೆ ಹೋಗಿದ್ದವು. ಅಕ್ಕ ಅತ್ತ ನೋಡಿದಳು. ಕಿವಿಗೆ ಹೆಡ್‌ಫೋನ್ ಹಾಕಿದ್ದ ಹೆಂಗಸೊಬ್ಬಳು ಒಂದು ಚಮಚ ಬಾಯಿಗಿಟ್ಟಳು. ಅಷ್ಟರಲ್ಲಿ ಕರೆ ಬಂತು. ತುತ್ತನ್ನು ಕೆನ್ನೆಗೆ ಒತ್ತಿಟ್ಟುಕೊಂಡು ಮಾತಾಡಿದಳು. ಫೋನಿನ ಆಚೆಯವನು ಮಾತಾಡುವಾಗ ಅಗಿಯದೆ ನುಂಗಿದಳು. ಕಣ್ಣು ಪರದೆಯಿಂದ ಕದಲಲಿಲ್ಲ. ಡಬ್ಬಿ ಖಾಲಿಯಾಯಿತು. ತಿಂದದ್ದು ಕುಂಬಳವೋ ಕಾಗದವೋ, ಅವಳಿಗೆ ಗೊತ್ತಾದಂತೆ ಕಾಣಲಿಲ್ಲ.

"ಭರ್ಜರಿ" ಎಂದ ಮ್ಯಾನೇಜರು. "ಎದ್ದೇ ಹೋಗಲಿಲ್ಲ ನೋಡಿ. ಅರ್ಧ ಗಂಟೆ ಬಿಡುವು ಕೊಡೋದು ಇನ್ನು ಯಾಕೆ, ಹತ್ತು ನಿಮಿಷ ಸಾಕು. ಊಟದ ಕೋಣೆ ತೆಗೆದುಹಾಕಿದರೆ ಅಲ್ಲಿ ಇನ್ನೊಂದು ತಂಡ ಕೂರಿಸಬಹುದು. ನಾಳೆಯಿಂದಲೇ ಶುರು ಮಾಡೋಣ."

ತಂಗಿ ಮೇಜಿನ ಕೆಳಗೆ ಅಕ್ಕನ ಕೈ ಹಿಸುಕಿದಳು. ಆರ್ಡರು ಸಿಕ್ಕಂತೆಯೇ.

ಅಕ್ಕ ಮಾತ್ರ ಆ ಖಾಲಿ ಡಬ್ಬಿಯನ್ನೇ ನೋಡುತ್ತಿದ್ದಳು. ಬಿಡುವಿಲ್ಲದವರಿಗೆ ಅನುಕೂಲವಾಗಲಿ ಎಂದು ತಾನು ಆಡಿದ ಮಾತು, ಇದ್ದ ಬಿಡುವನ್ನೂ ಕಿತ್ತುಕೊಳ್ಳಲು ಹೊರಟಿತ್ತು. ಸಾಲು ಬರೆದದ್ದು ತಿನ್ನುವವರಿಗೆ, ಅದನ್ನು ಓದಿದವನು ಕೊಳ್ಳುವವನು. ಇಷ್ಟು ಹೊಳೆಯದೆ ಹೋಯಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಡಬ್ಬಿ ನಿಮ್ಮ ಊಟದ ಕೋಣೆಗೆ ತರ್ತೀವಿ ಸರ್. ಕೆಲಸದ ಮೇಜಿಗೆ ಕೊಡಲ್ಲ" ಎಂದಳು.

"ಅಕ್ಕ," ಎಂದಳು ತಂಗಿ ಹಲ್ಲು ಕಚ್ಚಿ.

"ಇನ್ನೊಂದು ಕೈ ಕೆಲಸದಲ್ಲಿರಲಿ ಅಂತ ನಿಮ್ಮ ಸಾಲೇ ಹೇಳ್ತಿದೆಯಲ್ಲ ಮೇಡಂ" ಎಂದ ಮ್ಯಾನೇಜರು.

"ಆ ಸಾಲು ನಂದೇ. ಬುದ್ಧಿ ಇಲ್ಲದೆ ಹೇಳಿದ್ದು. ಅರ್ಧ ಗಂಟೆ ಬಿಡುವು ಹಾಗೇ ಇರೋದಾದ್ರೆ ನಾಳೆಯಿಂದ ತರ್ತೀವಿ."

ಮ್ಯಾನೇಜರು ನಕ್ಕ. "ನೀವು ಊಟ ಮಾರೋಕೆ ಬಂದಿದ್ದೀರೋ, ರಜೆ ಮಾರೋಕೋ?"

"ಊಟ ಮಾರೋಕೇ. ಅಗಿಯದೆ ನುಂಗಿದ್ರೆ ಹೊಟ್ಟೆ ಉಬ್ಬುತ್ತೆ. ಆಮೇಲೆ ಬೈಸಿಕೊಳ್ಳೋದು ನನ್ನ ಕಾಳು, ನಿಮ್ಮ ಕುರ್ಚಿ ಅಲ್ಲ."

ಅವನ ನಗು ಆರಿತು. ಹಾಗಾದರೆ ಬೇಡ ಎಂದ, ಸಭ್ಯವಾಗಿಯೇ.

ಅಡುಗೆಮನೆಗೆ ಬಂದ ಮೇಲೆ ತಂಗಿ ಪಾತ್ರೆಗಳನ್ನು ಬೇಕೆಂದೇ ಕುಕ್ಕಿದಳು. "ಇವತ್ತೊಂದು ದಿನ ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಹೋಗ್ತಿದ್ದದ್ದು ನನ್ನದಲ್ಲ, ಅಲ್ಲಿ ಕೆಲಸ ಮಾಡೋರ ಅರ್ಧ ಗಂಟೆ" ಎಂದಳು ಅಕ್ಕ. "ಕಿಚನ್ ಮುಚ್ಚಬೇಕಾಗಬಹುದು ಕಣೇ, ಗೊತ್ತು. ಮೊದಲು ಆ ಸಾಲು ಆ್ಯಪಿಂದ ತೆಗಿ."

ತಂಗಿ ಫೋನ್ ತೆಗೆದು ಅದನ್ನು ಅಳಿಸಿದಳು. "ಖಾಲಿ ಬಿಟ್ರೆ ಆ್ಯಪ್ ಒಪ್ಪಲ್ಲ. ಏನು ಹಾಕಲಿ?"

ಅಕ್ಕ ಕುಕ್ಕಿದ ಪಾತ್ರೆಯೊಂದನ್ನು ಎತ್ತಿಟ್ಟಳು. "ಕೂತು ತಿನ್ನಿ ಅಂತ ಹಾಕು."

"ಬೈದ ಹಾಗಿದೆ."

"ಇರಲಿ ಬಿಡು."

ತಂಗಿ ಬರೆದಳು. ಬರೆದ ಮೇಲೆ ಅಕ್ಕನನ್ನು ಕೇಳದೆ ಮುಂದೊಂದು "ದಯವಿಟ್ಟು" ಸೇರಿಸಿದಳು. ಅಕ್ಕ ಅದನ್ನು ಓದಿ, ಹಾಗೇ ಬಿಟ್ಟು, ನಾಳೆಗೆ ಕಾಳು ನೆನೆಹಾಕಲು ಹೊರಟಳು.