ಒಳಷಧ

ಚೆನ್ನೈನ ವಡಪಳನಿಯ ಭಾನುವಾರದ ಕನ್ನಡ ತರಗತಿಯನ್ನು ನೋಡಲು ಬಂದ ಕನ್ನಡ ಸಂಘದ ಕಾರ್ಯದರ್ಶಿ ಶ್ರೀಪತಿ ರಾಯರು, ನಿಶ್ಮಿತಾಳ ಪುಸ್ತಕವನ್ನು ಎತ್ತಿ ಹಿಡಿದು, "ಇಲ್ನೋಡಿ, ಒಳಷಧ ಅಂತೆ! ಔಷಧ ಬರೆಯೋಕೂ ಬರಲ್ಲ," ಎಂದು ಗಹಗಹಿಸಿ ನಕ್ಕರು. ಮಕ್ಕಳೂ ನಕ್ಕರು. ಹುಡುಗಿ ತಲೆ ತಗ್ಗಿಸಿದಳು.

ಜಲಜಾಕ್ಷಿ ಟೀಚರಿಗೆ ಮೈಯೆಲ್ಲ ಉರಿದುಹೋಯಿತು.

"ನಗೋದೇನಿದೆ ರಾಯರೇ? ಇವಳು ಶಾಲೇಲಿ ಕಲಿಯೋದು ತಮಿಳು. ಅದರಲ್ಲಿ ಔ ಬರೆಯೋದೇ ಒ ಪಕ್ಕ ಳ ಇಟ್ಟ ಹಾಗೆ. ಅದನ್ನೇ ಇಲ್ಲೂ ಬರೆದಿದ್ದಾಳೆ."

ಟೀಚರ್ ಬೋರ್ಡಿನ ಮೇಲೆ ದೊಡ್ಡದಾಗಿ ಔಷಧ ಎಂದು ಬರೆದರು. "ನೋಡಮ್ಮ, ಕನ್ನಡದಲ್ಲಿ ಔ ಅನ್ನೋದು ಒಂದೇ ಅಕ್ಷರ. ಗಕ್ಕೆ ಔತ್ವ ಕೊಟ್ಟರೆ ಗೌ, ಕಕ್ಕೆ ಐತ್ವ ಕೊಟ್ಟರೆ ಕೈ." ನಿಶ್ಮಿತಾ ಟೀಚರ್ ಹೇಳಿದ ಔಷಧ, ಗೌರವ, ಕೈಚೀಲ ಮೂರನ್ನೂ ತಪ್ಪಿಲ್ಲದೆ ಬರೆದಳು.

ಟೀಚರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಸೀಮೆಸುಣ್ಣವನ್ನು ರಾಯರ ಕೈಗಿಟ್ಟು, "ನೀವೂ ಒಂದು ಬರೀರಿ. ಐನೂರು," ಎಂದರು.

ರಾಯರು ಠೀವಿಯಿಂದ ಬರೆದರು: ಅಯ್ನೂರು.

ನಿಶ್ಮಿತಾ ಎದ್ದು ಹೋಗಿ 'ಅಯ್' ಅಳಿಸಿ 'ಐ' ಬರೆದಳು. "ಇದೂ ಒಂದೇ ಅಕ್ಷರ, ಸಾರ್."

ಮಕ್ಕಳು ಬಾಯಿ ತೆರೆಯುವ ಮೊದಲೇ ಟೀಚರ್ ಗದರಿದರು: "ಯಾರೂ ನಗಬೇಡಿ! ಕಲಿಯೋರನ್ನ ನೋಡಿ ನಗಬಾರದು."